ಕಪಾಟಿನೊಳಗೆ ಕುಳಿತು ಒಂಟಿತನದ ಬಗ್ಗೆ ಮಾತಾಡಿದ್ದು

ನನಗೆ ಈ ಊರಿಗೆ ವರ್ಗವಾದದ್ದು ನನ್ನ ಪ್ರತಿಭೆ ಕಂಡು ಎಂದು ಮೂರು ತಿಂಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಡೆದದ್ದು ಇಷ್ಟು. ನಮ್ಮ ಹಳೆಯ ಶಾಖೆಯಲ್ಲಿ ಆರು ಜನ ಮೆಕ್ಯಾನಿಕ್‌ಗಳಿದ್ದೆವು. ದೊಡ್ಡ ಊರಿಗೆ ಒಬ್ಬರು ಹೋಗಬೇಕು ಎಂದಾಗ ಐವರು "ಮನೆಯವಳನ್ನ ಒಂದ್ಮಾತು ಕೇಳಿ ಹೇಳ್ತೀನಿ ಸಾರ್" ಎಂದರು. ನನಗೆ ಕೇಳಲು ಮನೆಯವಳಿರಲಿಲ್ಲ. ಅಮ್ಮನನ್ನು ಕೇಳಿದೆ. ಅವಳು ನನ್ನ ಮಾತು ಮುಗಿಯುವ ಮೊದಲೇ ಅಟ್ಟದಿಂದ ಟ್ರಂಕು ಇಳಿಸಿದಳು.

ನಮ್ಮದು ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಕಂಪನಿ. ಔಷಧದಂಗಡಿಯ ಪುಟ್ಟ ತಕ್ಕಡಿಯಿಂದ ಹಿಡಿದು ಲಾರಿ ತೂಗುವ ಕಬ್ಬಿಣದ ಹಾಸಿನವರೆಗೆ ಎಲ್ಲ ನಮ್ಮ ಕೈಗೆ ಬರುತ್ತದೆ. ಇಲ್ಲಿ ನನಗೆ ಮೇಲ್ವಿಚಾರಕ ಹುದ್ದೆ, ಆದರೆ ಆರು ತಿಂಗಳು ಪರೀಕ್ಷೆಯ ಮೇಲೆ. ಅಂದರೆ ಮೇಲ್ವಿಚಾರಣೆ ನಾನು ಮಾಡುವುದು, ವಿಚಾರಣೆ ನನ್ನ ಮೇಲೆ ನಡೆಯುವುದು.

ಅನಾಹುತ ಶುರುವಾದದ್ದು ಒಂದು ನೋಂದಣಿ ಹಾಳೆಯಿಂದ. ಹೊಸಬರು ಒಬ್ಬರ ಕೆಳಗೊಬ್ಬರು ತುಂಬಬೇಕಾದ ಅದರಲ್ಲಿ 'ಹವ್ಯಾಸ' ಎಂದೊಂದು ಕಾಲಂ ಇತ್ತು. ನನಗಿಂತ ಮೊದಲು ತುಂಬಿದವನು 'ಪರ್ವತಾರೋಹಣ' ಎಂದು ಬರೆದಿದ್ದ. ಅದರ ಕೆಳಗೆ 'ನಿದ್ದೆ' ಎಂದು ಬರೆಯಲು ಕೈ ಬರಲಿಲ್ಲ. 'ವಿಡಿಯೊ ಪ್ರಬಂಧ ರಚನೆ' ಎಂದು ಬರೆದುಬಿಟ್ಟೆ. ನಾನು ಅಂಥ ಇಪ್ಪತ್ತು ಮೂವತ್ತು ವಿಡಿಯೊ ನೋಡಿದ್ದೆ. ಕಿಟಕಿ ತೋರಿಸುತ್ತಾರೆ. ಯಾರೋ ನಿಧಾನವಾಗಿ ಮಾತಾಡುತ್ತಾರೆ. ಲಕ್ಷಗಟ್ಟಲೆ ಜನ ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಹತ್ತಿರ ಕಿಟಕಿ ಇತ್ತು, ನಿಧಾನ ಹುಟ್ಟಿನಿಂದಲೇ ಇತ್ತು.

ಮ್ಯಾನೇಜರು ನನ್ನನ್ನು ಕರೆದರು.

"ಏನ್ರೀ ಇದು, ವಿಡಿಯೊ ಪ್ರಬಂಧ?"

"ಸಾರ್, ಅದು ಸಿನಿಮಾನೂ ಅಲ್ಲ, ಭಾಷಣಾನೂ ಅಲ್ಲ. ನಾವು ನೋಡಿದ್ದು, ನಮಗೆ ನೆನಪಾಗಿದ್ದು ಎರಡನ್ನೂ ಹೆಣೆದು, ಚಿತ್ರದ ಮೇಲೆ ಮಾತಾಡೋದು."

"ಮದುವೆ ವಿಡಿಯೊ ಥರಾನಾ?"

"ಅದರಲ್ಲಿ ಮದುವೆ ಇರಲ್ಲ ಸಾರ್."

"ಮತ್ತೆ ಯಾರು ನೋಡ್ತಾರೆ?" ಎಂದು ಪ್ರಾಮಾಣಿಕವಾಗಿ ಕೇಳಿ, ಆಮೇಲೆ ಮುಖ ಅರಳಿಸಿದರು. ಮೂರು ವಾರದ ನಂತರ ಶಾಖೆಯ ವಾರ್ಷಿಕ ಸಭೆಯಂತೆ. ಕೇಂದ್ರ ಕಚೇರಿಯಿಂದ ದೊಡ್ಡ ಸಾಹೇಬರು ಬರುತ್ತಾರಂತೆ. "ಒಂದು ಮಾಡ್ರಿ. 'ಕೆಲಸಕ್ಕಾಗಿ ಹೊಸ ಊರಿಗೆ ಬಂದೆ' ಅಂತ ವಿಷಯ. ಎಂಟು ನಿಮಿಷ ಸಾಕು. ನಾನು ಈಗಲೇ ಸಾಹೇಬ್ರಿಗೆ ಬರೆದುಬಿಡ್ತೀನಿ." ನಾನು ಬಾಯಿ ತೆರೆಯುವಷ್ಟರಲ್ಲಿ ಬರೆದೂಬಿಟ್ಟರು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಳ್ಳುವವರನ್ನು ನೋಡಿದ್ದೇನೆ. ನಾನು ಇರುವೆಗೆ ಆಮಂತ್ರಣ ಪತ್ರಿಕೆಯನ್ನೇ ಕೊಟ್ಟಿದ್ದೆ.

ಆ ವಾರ ಕುಳಿತು ಹನ್ನೊಂದು ಪುಟ ಬರೆದೆ. ಮೊದಲ ವಾಕ್ಯವೇ ಹೀಗಿತ್ತು: 'ಅನಾದಿ ಕಾಲದಿಂದಲೂ ಮಾನವನು ಅಲೆಮಾರಿ.' ಓದಿಕೊಂಡು ನನಗೇ ಮೈ ಜುಮ್ಮೆಂದಿತು.

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ಅದರ ಯಜಮಾನ ಮೂವತ್ತು ವರ್ಷದಿಂದ ಮದುವೆ ವಿಡಿಯೊಗಳನ್ನು ಕತ್ತರಿಸುತ್ತ ಬಂದವನು. ಎಲ್ಲರೂ ಅವನನ್ನು 'ಕತ್ತರಿ' ಎಂದೇ ಕರೆಯುತ್ತಾರೆ. ನನ್ನ ಹನ್ನೊಂದು ಪುಟವನ್ನು ಅವನ ಮುಂದಿಟ್ಟು ಹೊಗಳಿಕೆಗಾಗಿ ಕಾದು ನಿಂತೆ. ಅವನು ಓದಲಿಲ್ಲ, ತೂಗಿ ನೋಡಿದ.

"ಎಷ್ಟು ನಿಮಿಷದ್ದು?"

"ಎಂಟು."

"ಗಟ್ಟಿಯಾಗಿ ಓದಿ." ಗಡಿಯಾರ ಹಿಡಿದು ಕೂತ. ನಾನು ಮೂರನೆಯ ಪುಟಕ್ಕೆ ಬಂದಾಗ ಎಂಟು ನಿಮಿಷ ಮುಗಿಯಿತು. "ನಿಧಾನಕ್ಕೆ ಓದಿದ್ರೆ ನಿಮಿಷಕ್ಕೆ ತೊಂಬತ್ತು, ನೂರು ಪದ. ಅದರಲ್ಲೂ ಚಿತ್ರಕ್ಕೆ ಉಸಿರಾಡೋಕೆ ಜಾಗ ಬಿಡ್ಬೇಕು. ಎಂಟು ನಿಮಿಷಕ್ಕೆ ಆರು ನೂರು ಪದ. ಮಿಕ್ಕಿದ್ದು ಹೊಡೆದು ಹಾಕಿ."

"ಆದ್ರೆ ಅನಾದಿ ಕಾಲದಿಂದಲೂ..."

"ಅನಾದಿ ಕಾಲದ ಚಿತ್ರ ಇದೆಯಾ ನಿಮ್ಮತ್ರ?"

ಇರಲಿಲ್ಲ.

"ಹಾಗಾದ್ರೆ ಇಲ್ಲೇನು ತೋರಿಸ್ತೀರಿ? ನೋಡೋನು ಹದಿನೈದು ಸೆಕೆಂಡಲ್ಲಿ ಎದ್ದುಹೋಗ್ತಾನೆ. ಮೊದಲು ಒಂದು ವಸ್ತು ತೋರಿಸಿ. ಅದೇನು ಅಂತ ಅವನಿಗೆ ಕುತೂಹಲ ಬರ್ಲಿ." ಕತ್ತರಿ ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆದ. "ಎಡಗಡೆ ಕಣ್ಣಿಗೆ ಕಾಣೋದು, ಬಲಗಡೆ ಕಿವಿಗೆ ಕೇಳೋದು. ಎರಡೂ ಒಂದೇ ಹೇಳಿದ್ರೆ ಒಂದು ದಂಡ. ಮಳೆ ತೋರಿಸಿ 'ಮಳೆ ಬರ್ತಿದೆ' ಅಂತ ಹೇಳೋನಿಗೆ ಕೊಡೆ ಕೊಟ್ಟು ಕಳಿಸ್ಬೇಕು."

"ನೆನಪು ಹೇಳುವಾಗ? ನಮ್ಮೂರಿನ ಚಿತ್ರ ಒಂದೂ ಇಲ್ಲ ನನ್ನತ್ರ."

"ಯಾರತ್ರ ಇರುತ್ತೆ? ಹಳೇ ಮಾತು, ಹೊಸ ಚಿತ್ರ. ಇಲ್ಲಿರೋ ಒಂದು ವಸ್ತು ಹುಡುಕಿ, ಅದನ್ನ ನೋಡಿದ್ರೆ ಅಲ್ಲಿಯದು ನೆನಪಾಗೋ ಹಂಗೆ. ಅದರ ಮೇಲೆ ನೆನಪು ಹೇಳಿ. ಮತ್ತೆ ಒಂದೊಂದು ಚಿತ್ರಾನೂ ಅಲ್ಲಾಡಿಸ್ದೆ ಹತ್ತು ಸೆಕೆಂಡಾದ್ರೂ ಹಿಡೀರಿ. ಆಮೇಲೆ ಕತ್ತರಿಸೋಕೆ ಬಟ್ಟೆ ಬೇಕಲ್ಲ."

ಹೀಗೆ ನಾನು ಮೊಬೈಲು ಹಿಡಿದು ವಸ್ತುಗಳ ಬೇಟೆಗೆ ಹೊರಟೆ. ನಮ್ಮ ಕಟ್ಟಡದಲ್ಲಿ ಹದಿನಾರು ಮನೆ. ಯಾರೂ ನನ್ನೊಡನೆ ಮಾತಾಡಿರಲಿಲ್ಲ, ನಾನೂ ಯಾರೊಡನೆ ಆಡಿರಲಿಲ್ಲ. ಅದನ್ನೇ ಮಹಾನಗರದ ನಿರ್ದಯತೆ ಎಂದು ಬರೆದಿದ್ದೆ. ಎಡಗಡೆಯ ಕಾಲಮ್ಮಿಗಾಗಿ ಪ್ರತಿ ಮನೆಯ ಬಾಗಿಲ ಮುಂದಿನ ಚಪ್ಪಲಿಗಳನ್ನು ಹತ್ತಿರದಿಂದ, ಅಲ್ಲಾಡದೆ, ಹತ್ತು ಹತ್ತು ಸೆಕೆಂಡು ಚಿತ್ರೀಕರಿಸಿದೆ. ಮೊಣಕಾಲೂರಿ ಕುಳಿತು ಯಾರದೋ ಚಪ್ಪಲಿಯತ್ತ ಹತ್ತು ಸೆಕೆಂಡು ಉಸಿರು ಹಿಡಿದು ನೋಡುವುದು ಎಷ್ಟು ದೀರ್ಘ ಕಾಲವೆಂದು ಆ ಚಪ್ಪಲಿಯ ಯಜಮಾನರು ಬಾಗಿಲು ತೆರೆದಾಗ ಮಾತ್ರ ಗೊತ್ತಾಗುತ್ತದೆ.

"ಏನ್ ಕಳ್ಕೊಂಡ್ರಿ?" ಎಂದರು ಮೊದಲ ಮಹಡಿಯ ಕಾರ್ಯದರ್ಶಿ. ನಿವಾಸಿಗಳ ಸಂಘಕ್ಕೆ ಅವರು ಒಂಬತ್ತು ವರ್ಷದಿಂದ ಕಾರ್ಯದರ್ಶಿ. ಬೇರೆ ಯಾರೂ ನಿಲ್ಲಲಿಲ್ಲವಾದ್ದರಿಂದ ಅವಿರೋಧ.

"ಏನಿಲ್ಲ ಸಾರ್. ಒಂಟಿತನ ಚಿತ್ರೀಕರಿಸ್ತಿದ್ದೆ."

ಅವರು ತಮ್ಮ ಚಪ್ಪಲಿಯನ್ನು ಒಳಗೆ ತೆಗೆದುಕೊಂಡು ಬಾಗಿಲು ಹಾಕಿದರು. ಸಂಜೆಯ ಹೊತ್ತಿಗೆ ಮೂರೂ ಮಹಡಿಗಳಲ್ಲಿ ಒಂದೂ ಚಪ್ಪಲಿ ಇರಲಿಲ್ಲ. ಬಾಗಿಲ ಮುಂದೆ ಉಳಿದದ್ದು ನನ್ನದೊಂದೇ ಜೊತೆ. ಅದನ್ನೂ ಚಿತ್ರೀಕರಿಸಿದೆ, ಅದ್ಭುತವಾಗಿ ಬಂತು.

ಮುಂದಿನದು ಧ್ವನಿಮುದ್ರಣ. ಮೊದಲು ಧ್ವನಿ, ಆಮೇಲೆ ಆ ಧ್ವನಿಯ ಅಳತೆಗೆ ಚಿತ್ರ ಎಂದು ಕತ್ತರಿ ಹೇಳಿದ್ದ. ಖಾಲಿ ಕೋಣೆಯಲ್ಲಿ ಮಾತಾಡಿದರೆ ಬಾವಿಯೊಳಗಿಂದ ಕೂಗಿದ ಹಾಗೆ ಕೇಳುತ್ತದೆ. "ಬಟ್ಟೆ ತುಂಬಿದ ಕಪಾಟಿದ್ರೆ ಅದರೊಳಗೆ ಕೂತ್ಕೊಳ್ಳಿ. ಮೇಲೊಂದು ಕಂಬಳಿ ಹೊದ್ಕೊಳ್ಳಿ. ಬಟ್ಟೆ ಪ್ರತಿಧ್ವನಿ ನುಂಗುತ್ತೆ. ಪ್ರತಿ ಸಲಾನೂ ನಂಬರ್ ಹೇಳಿ, ಇಲ್ಲಾಂದ್ರೆ ಯಾವುದು ಯಾವುದು ಅಂತ ನನಗೆ ಗೊತ್ತಾಗಲ್ಲ. ಎಲ್ಲ ಮುಗಿದ್ಮೇಲೆ ಒಂದು ನಿಮಿಷ ಏನೂ ಮಾತಾಡದೆ ಬರೀ ಮೌನ ಮುದ್ರಿಸಿ."

"ಮೌನ ಯಾಕೆ?"

"ಪ್ರತಿ ಜಾಗದ ಮೌನಕ್ಕೂ ಒಂದು ಸದ್ದಿರುತ್ತೆ. ಮಾತು ಕತ್ತರಿಸಿದ ಕಡೆ ಬರೀ ಖಾಲಿ ಬಿಟ್ರೆ ಕಿವಿಗೆ ಗುಂಡಿ ಬಿದ್ದಂಗಾಗುತ್ತೆ. ಅಲ್ಲಿಗೆ ಅದೇ ಕಪಾಟಿನ ಮೌನ ತುಂಬ್ತೀನಿ. ಆ ಒಂದು ನಿಮಿಷ ಅಲ್ಲಾಡಬಾರ್ದು, ಕೆಮ್ಮಬಾರ್ದು. ಭೂಕಂಪ ಆದ್ರೂ ಸುಮ್ನಿರಬೇಕು."

ಭಾನುವಾರ ಮಧ್ಯಾಹ್ನ ಕಪಾಟು ಸೇರಿದೆ. ಗೋಡೆಯೊಳಗೆ ಕಟ್ಟಿದ ಕಪಾಟು ಅದು. ಹಿಂಬದಿಗೆ ಒಂದು ತೆಳು ಹಲಗೆ, ಹಲಗೆಯ ಆಚೆ ಪಕ್ಕದ ಮನೆಯ ಕಪಾಟು. ಪಕ್ಕದ ಮನೆಯಲ್ಲಿ ನಿವೃತ್ತ ಶಾಲಾ ಮೇಷ್ಟ್ರಮ್ಮ ಒಬ್ಬರೇ ಇದ್ದರು. ನಲವತ್ತು ವರ್ಷಗಳ ಕಾಲ ಕೊನೆಯ ಬೆಂಚಿನ ಪಿಸುಮಾತು ಹಿಡಿದ ಕಿವಿ ಅವರದು. 'ಈ ಊರಿನ ಗೋಡೆಗಳಿಗೆ ಕಿವಿಯಿಲ್ಲ' ಎಂದು ನಾನು ಬರೆದಿದ್ದ ವಾಕ್ಯವನ್ನು ಅವರು ಮೊದಲ ಸಲಕ್ಕೇ ಸ್ಪಷ್ಟವಾಗಿ ಕೇಳಿಸಿಕೊಂಡರು.

ಕೊನೆಯ ವಾಕ್ಯ ನನ್ನನ್ನು ಕಾಡಿತು. 'ನಾಳೆ ನಾನಿಲ್ಲದಿದ್ದರೂ ಈ ಊರಿಗೆ ಗೊತ್ತಾಗುವುದಿಲ್ಲ.' ಮೊದಲ ಸಲ ಹೇಳುವಾಗ ರಸ್ತೆಯಲ್ಲಿ ಹಾರನ್ನು. ಎರಡನೆಯ ಸಲ ನನ್ನ ಹೊಟ್ಟೆಯೇ ಗುರ್ ಎಂದಿತು. ಏಳನೆಯ ಸಲ ಗದ್ಗದ ಹೆಚ್ಚಾಯಿತು, ಎಂಟನೆಯದರಲ್ಲಿ ಕಡಿಮೆಯಾಯಿತು. ಹೊರಗೆ ಕೇಳಿಸಿದ್ದು ಹೀಗೆ ಎಂದು ಮೇಷ್ಟ್ರಮ್ಮ ಆಮೇಲೆ ಹೇಳಿದರು:

"ಹದಿನಾಲ್ಕು. ನಾಳೆ ನಾನಿಲ್ಲದಿದ್ದರೂ ಈ ಊರಿಗೆ ಗೊತ್ತಾಗುವುದಿಲ್ಲ. ಥೂ, ಇದೂ ಆಗ್ಲಿಲ್ಲ. ಹದಿನೈದು. ನಾಳೆ ನಾನಿಲ್ಲದಿದ್ದರೂ... ಅಯ್ಯೋ ಸೆಕೆ. ಹದಿನಾರು. ಸಾಕಪ್ಪಾ ಸಾಕು. ಇದೊಂದ್ಸಲ ಮಾಡಿ ಮುಗಿಸಿಬಿಡ್ತೀನಿ."

ಆಮೇಲೆ ಮೌನ.

ಅದು ನನ್ನ ಒಂದು ನಿಮಿಷದ ಮೌನ. ಜೀವನದಲ್ಲಿ ನಾನು ಇಷ್ಟು ಶಿಸ್ತಿನಿಂದ ಯಾವ ಕೆಲಸವನ್ನೂ ಮಾಡಿಲ್ಲ. ಹತ್ತನೆಯ ಸೆಕೆಂಡಿಗೆ ಹಿಂದಿನ ಹಲಗೆಯ ಮೇಲೆ ಬಡಿತ ಕೇಳಿಸಿತು. ಛೇ, ಮುದ್ರಣ ಹಾಳಾಯಿತು ಎಂದುಕೊಂಡು ಮತ್ತೆ ಮೊದಲಿನಿಂದ ಎಣಿಸತೊಡಗಿದೆ. ಇಪ್ಪತ್ತಕ್ಕೆ ನನ್ನ ಮನೆಯ ಬಾಗಿಲು ಬಡಿದರು. ಮಾತಾಡುವಂತಿಲ್ಲವಲ್ಲ, ಸುಮ್ಮನಿದ್ದೆ. "ರೀ! ಇದೀರೇನ್ರೀ?" ಸುಮ್ಮನಿದ್ದೆ. "ಒಂದು ಮಾತಾಡ್ರಿ ಸಾಕು!" ಭೂಕಂಪವಾದರೂ ಸುಮ್ಮನಿರಬೇಕು. ಐವತ್ತೆರಡನೆಯ ಸೆಕೆಂಡಿಗೆ ಚಿಲಕ ಕಿತ್ತು ಬಾಗಿಲು ಒಳಗೆ ಬಿತ್ತು.

ಕಪಾಟು ತೆರೆದದ್ದು ಮೇಷ್ಟ್ರಮ್ಮ. ಹನ್ನೆರಡನೆಯ ಸಲಕ್ಕೇ ಅವರು ಎಲ್ಲರಿಗೂ ಹೇಳಿಕಳಿಸಿದ್ದರಂತೆ. ಅವರ ಹಿಂದೆ ಕಾರ್ಯದರ್ಶಿ, ನಮ್ಮ ಕಟ್ಟಡದಲ್ಲೇ ಇದ್ದ, ಸುತ್ತಿಗೆ ಹಿಡಿದ ಬಡಗಿ, ಮತ್ತು ಮೂರು ತಿಂಗಳಲ್ಲಿ ನಾನು ಮುಖ ನೋಡಿರದ ಹನ್ನೆರಡು ಮನೆಯವರು. ಬನಿಯನ್ನು ಹಾಕಿಕೊಂಡು, ಉಣ್ಣೆಯ ಕಂಬಳಿ ಹೊದ್ದು, ಬೆವರಿನಲ್ಲಿ ತೊಯ್ದು, ಪ್ಯಾಂಟುಗಳ ನಡುವೆ ಮುದುಡಿ ಕೂತು, ತುಟಿಯ ಮೇಲೆ ಬೆರಳಿಟ್ಟು "ಶ್! ಇನ್ನೆಂಟು ಸೆಕೆಂಡು" ಎಂದೆ.

"ಇದ್ದಾನೆ," ಎಂದು ಬಡಗಿ ಹಿಂದಿನವರಿಗೆ ವರದಿ ಒಪ್ಪಿಸಿದ.

"ಏನಪ್ಪಾ ಇದು?" ಎಂದರು ಮೇಷ್ಟ್ರಮ್ಮ.

"ಪ್ರಬಂಧ, ಅಮ್ಮಾ. ವಿಡಿಯೊ ಪ್ರಬಂಧ."

"ನಲವತ್ತು ವರ್ಷ ಮಕ್ಕಳ ಕೈಲಿ ಪ್ರಬಂಧ ಬರೆಸಿದೀನಿ. ಒಂದು ಮಗೂನೂ ಬೀರುವೊಳಗೆ ಕೂತಿರಲಿಲ್ಲ."

ಕಾರ್ಯದರ್ಶಿಗಳು ಅಷ್ಟರಲ್ಲಿ ಮೇಜಿನ ಮೇಲಿದ್ದ ಹಾಳೆಗಳನ್ನು ವಶಪಡಿಸಿಕೊಂಡಿದ್ದರು. ಬಲಗಡೆಯ ಕಾಲಂ ಮಾತ್ರ ಗಟ್ಟಿಯಾಗಿ ಓದಿದರು: "'ಅಮ್ಮಾ, ಬಸ್ ನಿಲ್ದಾಣದಲ್ಲಿ ನೀನು ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಾನು ಮರಳಿ ಬರಲಾರೆ.'" ಕೋಣೆಯಲ್ಲಿ ಯಾರೋ "ಅಯ್ಯೋ ಪಾಪ" ಎಂದರು. "ಎಡಗಡೆಯದೂ ಓದಿ ಸಾರ್" ಎಂದು ಬೇಡಿಕೊಂಡೆ. ಓದಿದರು: "'ಖಾಲಿ ಹಾಸಿಗೆ. ಹತ್ತಿರದಿಂದ. ಬಾಗಿಲ ಬಳಿ ಒಂದೇ ಜೊತೆ ಚಪ್ಪಲಿ.'" ಈಗ ಇಬ್ಬರು ಅತ್ತೇಬಿಟ್ಟರು.

ಯಾರೋ ಕರೆದಿದ್ದ ಪೊಲೀಸ್ ಪೇದೆ ಬಂದಾಗ ನಾನು ಶರಟು ಹಾಕಿಕೊಂಡು ಮನುಷ್ಯನಾಗಿದ್ದೆ. ಅವನು ಪುಸ್ತಕ ತೆರೆದ.

"ವ್ಯಕ್ತಿ ಎಲ್ಲಿದ್ದರು?"

"ಕಪಾಟಿನೊಳಗೆ," ಎಂದರು ಕಾರ್ಯದರ್ಶಿ.

"ಒಳಗೆ ಹಾಕಿದವರು ಯಾರು?"

"ನಾನೇ," ಎಂದೆ.

"ಯಾಕೆ?"

"ಸದ್ದಿಗೋಸ್ಕರ."

"ಸದ್ದು ಮಾಡೋಕಾ?"

"ಸದ್ದಾಗದೇ ಇರೋಕೆ. ನಾನು ಮೌನ ಮುದ್ರಿಸ್ತಿದ್ದೆ."

ಪೇದೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ. ನನ್ನ ಕಾಗದಪತ್ರದಲ್ಲಿದ್ದ ಊರಿನ ಹೆಸರು ನೋಡಿ, "ಹೊಸಬರಾ? ಬಂದ ಹೊಸದರಲ್ಲಿ ನನಗೂ ಹಂಗೇ ಆಗಿತ್ತು. ಆದ್ರೆ ನಾನು ಹೊರಗೇ ಇದ್ದೆ," ಎಂದು ಸಮಾಧಾನ ಹೇಳಿ ಹೋದ.

ಅಲ್ಲಿಂದ ಮುಂದೆ ನನ್ನನ್ನು ಒಬ್ಬನನ್ನೇ ಬಿಡಬಾರದೆಂದು ಸಂಘ ಠರಾವು ಮಾಡಿತು. ಎರಡನೆಯ ಮಹಡಿಯ ಸಹೋದರರಿಬ್ಬರು ಇಸ್ಪೀಟು ತಂದರು. ಬಡಗಿ ಮುರಿದ ಬಾಗಿಲನ್ನು ಸರಿಮಾಡಲು ಬಂದು ಮೂರು ದಿನ ಅದನ್ನೇ ಸರಿಮಾಡುತ್ತ ಕುಳಿತ. ಮೇಷ್ಟ್ರಮ್ಮ ಹೊತ್ತುಹೊತ್ತಿಗೆ ಹಲಗೆ ಬಡಿದು "ಇದೀಯಾ?" ಎನ್ನುತ್ತಿದ್ದರು, ನಾನು "ಇದೀನಿ" ಎಂದು ಹಾಜರಿ ಹಾಕಬೇಕಾಗಿತ್ತು. ಏಳು ಜನರ ನಡುವೆ ಕುಳಿತು ನಾನು 'ಮಹಾನಗರದ ಒಂಟಿತನ' ಎಂಬ ಭಾಗವನ್ನು ತಿದ್ದುತ್ತಿದ್ದೆ. ಒಬ್ಬರು ಹೆಗಲ ಮೇಲಿಂದ ಇಣುಕಿ, "ಇಲ್ಲಿ 'ನಿರ್ಜನ' ಅಂತ ಬರ್ದಿದೀರಲ್ಲ, ಸ್ವಲ್ಪ ಜರುಗ್ತೀರಾ, ನನಗೂ ಕಾಣ್ಲಿ" ಎಂದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಬಾಡಿಗೆ ಕರಾರಿನಲ್ಲಿದ್ದ ಎರಡು ನಂಬರಿಗೂ ಕಾರ್ಯದರ್ಶಿ ಫೋನು ಮಾಡಿದ್ದರು. ಒಂದು ಅಮ್ಮನದು, ಇನ್ನೊಂದು ಮ್ಯಾನೇಜರದು.

ಮ್ಯಾನೇಜರು ಮರುದಿನ ನನ್ನನ್ನು ಕೋಣೆಗೆ ಕರೆದು, ಕುರ್ಚಿ ತಾವೇ ಎಳೆದು ಕೊಟ್ಟರು. ಆಗಲೇ ಅನುಮಾನ ಬಂತು. ಅವರು ಕುರ್ಚಿ ಕೊಡುವವರಲ್ಲ.

"ನೋಡಿ, ಮುಚ್ಚಿಡಬೇಡಿ. ನಾನು ಕೇಂದ್ರ ಕಚೇರಿಗೆ ಎಲ್ಲ ಬರೆದಿದೀನಿ."

"ಎಲ್ಲ ಅಂದ್ರೆ ಸಾರ್?"

"ಒಂಟಿತನ ತಾಳಲಾರದೆ ಸಿಬ್ಬಂದಿಯೊಬ್ಬರು ಕಪಾಟು ಸೇರಿದ್ದಾರೆ ಅಂತ. ಎಷ್ಟು ಒಳ್ಳೆಯವರ್ರೀ ಅವರು, ಒಂದೇ ಗಂಟೆಯಲ್ಲಿ ಉತ್ತರ ಬಂತು! ಮಾನವೀಯ ನೆಲೆಯಲ್ಲಿ ನಿಮ್ಮನ್ನ ನಿಮ್ಮೂರಿಗೇ ವಾಪಸ್ ವರ್ಗ. ಹಳೇ ಮೆಕ್ಯಾನಿಕ್ ಹುದ್ದೆ. ಸಭೆ ದಿನ ದೊಡ್ಡ ಸಾಹೇಬ್ರೇ ಕೈಯಾರೆ ಆದೇಶ ಕೊಡ್ತಾರೆ. ಚಪ್ಪಾಳೆ ಇರುತ್ತೆ."

"ಸಾರ್, ಅದು ಪ್ರಬಂಧ..."

"ಗೊತ್ತು ಗೊತ್ತು," ಎಂದು ನನ್ನ ಕೈ ಸವರಿದರು. "ಮಾಡಿ, ಪ್ರಬಂಧಾನೂ ಮಾಡಿ. ಮನಸ್ಸು ಹಗುರಾಗುತ್ತೆ."

ಮನೆಗೆ ಬಂದರೆ ಮೆಟ್ಟಿಲ ಮೇಲೆ ಅಮ್ಮ. ಸುತ್ತ ನಾಲ್ಕು ಮನೆಯವರು. ನನಗಿಂತ ಮೊದಲೇ ಅವಳಿಗೆ ಎಲ್ಲರ ಹೆಸರು, ಕಾಯಿಲೆ, ಮಕ್ಕಳ ಓದು ಗೊತ್ತಾಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೈಕೈ ತುಂಬ್ಕೊಂಡಿದೆ. ಇವನಿಗೇನೂ ಆಗಿಲ್ಲ," ಎಂದು ಮೂರೇ ಕ್ಷಣದಲ್ಲಿ ತೀರ್ಪು ಕೊಟ್ಟಳು. ಇಡೀ ಊರಿನಲ್ಲಿ ನನ್ನನ್ನು ನಂಬಿದ ಮೊದಲ ವ್ಯಕ್ತಿ.

"ಅಮ್ಮಾ, ನನ್ನ ವಾಪಸ್ ಊರಿಗೆ ಹಾಕಿದಾರೆ."

ಅಮ್ಮನ ಮುಖ ಸಪ್ಪಗಾಯಿತು. "ಯಾವಾಗಿಂದ?"

"ಮುಂದಿನ ತಿಂಗಳು."

"ನಿನ್ನ ಕೋಣೇಲಿ ಹೊಲಿಗೆ ಕ್ಲಾಸ್ ಶುರು ಮಾಡಿದೀನಲ್ಲೋ. ನಾಲ್ಕು ಮಿಷನ್ ಹಾಕಿದೀನಿ. ಒಂಬತ್ತು ಹೆಣ್ಮಕ್ಕಳು ಬರ್ತಾರೆ." ಸ್ವಲ್ಪ ಯೋಚಿಸಿದಳು. "ಮಿಷನ್ ಕೆಳಗೆ ಮಲಗೋದಾದ್ರೆ ಬಾ."

ಆಗ ನನಗೆ ಗೊತ್ತಾಯಿತು, ನನಗೆ ವಾಪಸು ಹೋಗಲು ಇಷ್ಟವಿಲ್ಲವೆಂದು. ಕೋಣೆಯ ಮಾತು ಹಾಗಿರಲಿ. ಹಳೆಯ ಶಾಖೆಯಲ್ಲಿ ಆ ಐವರು "ಏನಪ್ಪಾ, ಕಪಾಟಿಗೆ ಹೋಗಿ ಬಂದ್ಯಂತೆ" ಎನ್ನುವುದನ್ನು ನೆನೆದೇ ಬೆವರಿದೆ. ಉಳಿಯಬೇಕಾದರೆ ದೊಡ್ಡ ಸಾಹೇಬರಿಗೆ ಅದು ನಿಜವಾಗಿಯೂ ಪ್ರಬಂಧವೆಂದು ತೋರಿಸಬೇಕು. ಅದಕ್ಕಿದ್ದ ಸಾಕ್ಷಿ ಒಂದೇ, ಆ ಪ್ರಬಂಧ. ಆ ಪ್ರಬಂಧವೋ, ಮೊದಲ ಅಕ್ಷರದಿಂದ ಕೊನೆಯವರೆಗೆ ನನ್ನನ್ನು ಇಲ್ಲಿಂದ ಬೇಗ ಕಳಿಸಿಕೊಡಿ ಎಂದು ಅಂಗಲಾಚುತ್ತಿತ್ತು.

ಕತ್ತರಿಯ ಅಂಗಡಿಗೆ ಓಡಿದೆ. ಅಮ್ಮ ಹಿಂದೆ ಬಂದಳು, ಮೇಷ್ಟ್ರಮ್ಮ ಅಮ್ಮನ ಹಿಂದೆ. ಹಾಳೆ ಕೈಯಿಂದ ಕೈಗೆ ಹೋಯಿತು.

"ನಾನ್ಯಾವಾಗ ಅತ್ತೆ?" ಎಂದಳು ಅಮ್ಮ.

"ಬಸ್ ನಿಲ್ದಾಣದಲ್ಲಿ."

"ಬಸ್ ನಿಲ್ದಾಣದಲ್ಲಿ ನಾನೆಲ್ಲಿದ್ದೆ? ಆರೂವರೆಗೆ ನಲ್ಲಿ ನೀರು ಬರುತ್ತೆ ಅಂತ ನಿನ್ನ ಸೀಟಲ್ಲಿ ಕೂರಿಸಿ ಓಡಿಹೋದೆ. ಬಸ್ಸು ಹೊರಟಿದ್ದೂ ನೋಡ್ಲಿಲ್ಲ."

ಅದು ಸತ್ಯ. ಕಿಟಕಿಯಿಂದ ಕೈ ಬೀಸಲು ಎತ್ತಿದ್ದ ಕೈಯನ್ನು ನಾನು ತಲೆ ಕೆರೆದುಕೊಳ್ಳುವ ಹಾಗೆ ಇಳಿಸಿದ್ದೆ. ಮೂರು ತಿಂಗಳಿಂದ ಅದು ಒಳಗೊಳಗೇ ಚುಚ್ಚಿ, ಕೊನೆಗೆ ಹಾಳೆಯ ಮೇಲೆ ಅವಳು ಅಳುವಂತೆ ಮಾಡಿದ್ದೆ.

ಕತ್ತರಿ ಕುರ್ಚಿಯಿಂದ ಎದ್ದುನಿಂತ. "ಇದನ್ನ ಯಾಕ್ರೀ ಬರೀಲಿಲ್ಲ? ಅತ್ತರು ಅಂದ್ರೆ ಎಲ್ಲರ ಅಮ್ಮ. ನೀರಿಗೆ ಓಡಿದರು ಅಂದ್ರೆ ನಿಮ್ಮಮ್ಮ. ಚಿತ್ರಾನೂ ಇದೆ! ನಿಮ್ಮ ಮನೆ ನಲ್ಲಿ ತೋರಿಸಿ, ಬಕೆಟ್ ತುಂಬೋವರೆಗೆ ಹಿಡೀರಿ, ಅದರ ಮೇಲೆ ಹೇಳಿ."

"ಮತ್ತೆ ಇದು?" ಮೇಷ್ಟ್ರಮ್ಮ ಕೆಂಪು ಪೆನ್ನು ಎತ್ತಿದರು. "'ನೆರೆಯವರು ಕಲ್ಲು.' ನೀನು ನನ್ನನ್ನ ಎಷ್ಟು ಸಲ ಮಾತಾಡಿಸಿದ್ದೆ?"

"ಒಂದು ಸಲಾನೂ ಇಲ್ಲ."

"ಹಾಗಂತ ಬರಿ."

ಹೀಗೆ ನನ್ನ ಪ್ರಬಂಧದಿಂದ ಸುಳ್ಳುಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಉಳಿದದ್ದು ಇನ್ನೂರು ಪದ. ಎಂಟು ನಿಮಿಷಕ್ಕೆ ಸಾಲದು. "ಕೆಲಸಕ್ಕೆ ಬಂದೆ ಅಂತೀರಿ, ಕೆಲಸಾನೇ ಇಲ್ವಲ್ಲ ಇದರಲ್ಲಿ?" ಎಂದು ಕತ್ತರಿ ಕೇಳಿದ. ತಕ್ಕಡಿಯಲ್ಲಿ ಏನು ಸೊಗಸಿದೆ ಎಂದು ನಾನು ಅದನ್ನು ಮುಟ್ಟಿರಲಿಲ್ಲ. ನಾನು ದಿನಾ ಮಾಡುವುದನ್ನು ಹೇಳಿದೆ. ಎಲೆಕ್ಟ್ರಾನಿಕ್ ತಕ್ಕಡಿ ಭೂಮಿ ಎಳೆಯುವ ಬಲವನ್ನು ಅಳೆಯುತ್ತದೆ. ಆ ಎಳೆತ ಎಲ್ಲ ಊರಲ್ಲೂ ಒಂದೇ ಸಮ ಇಲ್ಲ, ಕೂದಲೆಳೆಯಷ್ಟು ವ್ಯತ್ಯಾಸ. ಹಾಗಾಗಿ ಸೂಕ್ಷ್ಮ ತಕ್ಕಡಿಯನ್ನು ಒಂದೂರಿಂದ ಇನ್ನೊಂದೂರಿಗೆ ಒಯ್ದರೆ ಅದು ಕೆಟ್ಟಿರುವುದಿಲ್ಲ, ಆದರೂ ತಪ್ಪು ತೋರಿಸುತ್ತದೆ. ಹೊಸ ಜಾಗದಲ್ಲಿ ಮಟ್ಟಸವಾಗಿ ಕೂರಿಸಿ, ಗೊತ್ತಿರುವ ಒಂದು ತೂಕದ ಬಟ್ಟು ಇಟ್ಟು ಮತ್ತೆ ಹೊಂದಿಸಬೇಕು.

ಕತ್ತರಿ ಕೈಯಲ್ಲಿದ್ದ ಹಾಳೆ ಕೆಳಗಿಟ್ಟ.

"ಇವನನ್ನ ಹೊಡೀಬೇಕು," ಎಂದ ಕತ್ತರಿ ಮೇಷ್ಟ್ರಮ್ಮನ ಕಡೆ ತಿರುಗಿ. "ಇದನ್ನ ಇಟ್ಕೊಂಡು ಅನಾದಿ ಕಾಲಕ್ಕೆ ಹೋಗಿದ್ದ."

ಹತ್ತು ದಿನ ದುಡಿದೆವು. ನೆನಪನ್ನು 'ಓಡಿದಳು' ಎಂದು, ಕಾಣುತ್ತಿರುವುದನ್ನು 'ತುಂಬುತ್ತಿದೆ' ಎಂದು, ಭೂತ, ವರ್ತಮಾನ ಕಾಲಗಳು ಬೆರೆಯದಂತೆ ಮೇಷ್ಟ್ರಮ್ಮ ಕಾವಲು ಕಾದರು. ನಾನು ಮತ್ತೆ ಕಪಾಟು ಸೇರಿದೆ. ಈ ಸಲ ಕಾರ್ಯದರ್ಶಿಗಳು ಬಾಗಿಲಿಗೆ ಚೀಟಿ ಅಂಟಿಸಿದರು: 'ಒಳಗಿರುವವರು ಕ್ಷೇಮ.' ಮೌನ ಮುದ್ರಿಸುವಾಗ ಇಡೀ ಕಟ್ಟಡ ಒಂದು ನಿಮಿಷ ಉಸಿರು ಹಿಡಿಯಿತು. ಅರವತ್ತನೆಯ ಸೆಕೆಂಡಿಗೆ ಹದಿನಾರು ಮನೆಯವರೂ ಒಟ್ಟಿಗೆ ಕೆಮ್ಮಿದರು. ಕತ್ತರಿ ಒಂದು ಕಚ್ಚಾ ಜೋಡಣೆ ಮಾಡಿ ಎಲ್ಲರನ್ನೂ ಕೂರಿಸಿ ತೋರಿಸಿದ. ಅವನು ಪರದೆ ನೋಡಲಿಲ್ಲ, ನೋಡುವವರ ಮುಖ ನೋಡಿದ. ಯಾರು ಎಲ್ಲಿ ಆಕಳಿಸಿದರೋ ಅಲ್ಲಿ ಗುರುತು ಹಾಕಿಕೊಂಡು ಕತ್ತರಿಸಿದ. ಎಂಟು ನಿಮಿಷ ಐದೂವರೆಯಾಯಿತು. ನನಗೆ ಅತ್ಯಂತ ಪ್ರಿಯವಾಗಿದ್ದ ಸೂರ್ಯಾಸ್ತವನ್ನು ಬಡಗಿಯ ಒಂದು ಆಕಳಿಕೆ ನುಂಗಿತು.

ಸಭೆಯ ದಿನ ದೊಡ್ಡ ಸಾಹೇಬರು ಮುಂದಿನ ಸಾಲಿನಲ್ಲಿ ಕುಳಿತರು. ತೊಡೆಯ ಮೇಲೆ ನನ್ನ ವರ್ಗದ ಆದೇಶದ ಲಕೋಟೆ. ಪರದೆಯ ಮೇಲೆ ಬಕೆಟು ತುಂಬಿತು. ಚಪ್ಪಲಿಗಳು ಬಂದುಹೋದವು. ಮೇಷ್ಟ್ರಮ್ಮನ ಬಾಗಿಲು ಬಂತು. ತಕ್ಕಡಿ ಬಂತು. ನನ್ನ ಧ್ವನಿ, 'ಕೆಟ್ಟಿರುವುದಿಲ್ಲ, ಆದರೂ ತಪ್ಪು ತೋರಿಸುತ್ತದೆ' ಎಂದಿತು. ಸಾಹೇಬರು ಮುಂದಕ್ಕೆ ಬಾಗಿದರು. ಅವರ ಕಣ್ಣು ಮಿನುಗಿತು. ಕಲೆ ಎಂಬುದು ಕಲ್ಲನ್ನೂ ಕರಗಿಸುತ್ತದೆ ಎಂದು ನಾನು ಪುಳಕಿತನಾದೆ.

ದೀಪ ಹತ್ತಿತು. ಸಾಹೇಬರು ಎದ್ದರು.

"ಆ ತಕ್ಕಡಿ ಭಾಗ ಎಷ್ಟಿದೆ?"

"ನಲವತ್ತು ಸೆಕೆಂಡು ಸಾರ್."

"ಅದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸಿ. ಗಿರಾಕಿಗಳಿಗೆ ಇದನ್ನ ವಿವರಿಸೋಕೆ ಹದಿನೆಂಟು ವರ್ಷದಿಂದ ಒದ್ದಾಡ್ತಿದೀವಿ. ಅಂಗಡಿ ಬದಲಾಯಿಸ್ತಾರೆ, ತಕ್ಕಡಿ ತಪ್ಪು ತೋರಿಸುತ್ತೆ, ನಮ್ಮನ್ನ ಬೈತಾರೆ. ಎಲ್ಲ ಶಾಖೆಗೂ ಕಳಿಸ್ಬೇಕು. ಇಂಥವು ಇನ್ನೂ ಹನ್ನೆರಡು ಬೇಕು."

"ಸಾರ್, ಅಮ್ಮ? ನಲ್ಲಿ?"

"ಯಾವ ನಲ್ಲಿ?" ಎಂದರು ಸಾಹೇಬರು.

ಮ್ಯಾನೇಜರು ಮೆಲ್ಲಗೆ ಅವರ ಕಿವಿಯ ಹತ್ತಿರ ಬಗ್ಗಿ, ಮಾನವೀಯ ನೆಲೆ, ಕಪಾಟು, ಲಕೋಟೆ ಎಂದೇನೋ ನೆನಪಿಸಿದರು. ಸಾಹೇಬರು ನನ್ನನ್ನು ದಿಟ್ಟಿಸಿದರು. "ಈ ದನಿ ಕಪಾಟಲ್ಲಿ ಕೂತು ಮಾಡಿದ್ದಾ?"

"ಹೌದು ಸಾರ್."

"ಅಲ್ಲೇ ಇರಲಿ ಇವರು," ಎಂದು ಮ್ಯಾನೇಜರಿಗೆ ಹೇಳಿ, ಲಕೋಟೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಮೇಲ್ವಿಚಾರಕನ ಹುದ್ದೆ ಖಾಯಂ ಆಯಿತು. ನನ್ನ ಕಲೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದೇ ಮಧ್ಯಾಹ್ನ ಕಸದ ಬುಟ್ಟಿಗೆ ಹೋಯಿತು. ಎರಡಕ್ಕೂ ಒಂದೇ ಚಪ್ಪಾಳೆ.

ಮನೆಗೆ ಬಂದಾಗ ಇಡೀ ಕಟ್ಟಡ ಮೆಟ್ಟಿಲ ಮೇಲೆ ಕುಳಿತಿತ್ತು. ಅಮ್ಮ ಹಿಂದಿನ ದಿನವೇ ತನ್ನ ಹೊಲಿಗೆ ಕ್ಲಾಸಿಗೆ ಹೊರಟುಹೋಗಿದ್ದಳು. "ಉಳೀತೀನಿ," ಎಂದೆ.

ಮಾಲೆ ಹಾಕುತ್ತಾರೇನೋ ಎಂದು ಕತ್ತು ಸ್ವಲ್ಪ ಬಗ್ಗಿಸಿದ್ದೆ. ಕಾರ್ಯದರ್ಶಿಗಳು ಏನೂ ಹೇಳದೆ ಎದ್ದು, ಗೋಡೆಯ ಕಪ್ಪುಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ಹಿಡಿದರು. ಮೆಟ್ಟಿಲು ತೊಳೆಯುವ ಸರದಿಯ ಪಟ್ಟಿ ಅದು. ಇಷ್ಟು ದಿನ ನನ್ನ ಮನೆಯ ಮುಂದೆ ಒಂದು ಅಡ್ಡಗೆರೆ ಇತ್ತು. "ಬಾಡಿಗೆಯವರು ಇವತ್ತು ಬರ್ತಾರೆ, ನಾಳೆ ಹೋಗ್ತಾರೆ, ಬರೆದು ಅಳಿಸೋದ್ಯಾಕೆ ಅಂತ ಬಿಟ್ಟಿದ್ದೆ," ಎನ್ನುತ್ತ ಗೆರೆ ಒರೆಸಿ ಬರೆದರು: 'ಶನಿವಾರ: ಕಪಾಟಿನವರು.'

ಮರುದಿನವೇ ಶನಿವಾರ. ಬೆಳಿಗ್ಗೆ ಆರಕ್ಕೆ ಬಕೆಟು, ಪೊರಕೆ ಹಿಡಿದು ಮೂರನೆಯ ಮಹಡಿಯಿಂದ ಶುರು ಮಾಡಿದೆ. ಐವತ್ತನಾಲ್ಕು ಮೆಟ್ಟಿಲು. ಬಾಗಿಲುಗಳ ಮುಂದೆ ಚಪ್ಪಲಿಗಳು ಮತ್ತೆ ಬಂದು ಕೂತಿದ್ದವು, ಒಂದೊಂದನ್ನೂ ಎತ್ತಿಟ್ಟು ತೊಳೆಯಬೇಕಾಯಿತು. ಕೆಳಗೆ ಮುಟ್ಟಿ, ಸೊಂಟ ಹಿಡಿದುಕೊಂಡು ನಿಟ್ಟುಸಿರು ಬಿಡುವಾಗ ಮೇಲಿನಿಂದ ಮೇಷ್ಟ್ರಮ್ಮನ ದನಿ ಬಂತು.

"ಮೂಲೆ ಬಿಟ್ಟಿದೀಯ. ಎಲ್ಲ ಮೆಟ್ಟಿಲದ್ದೂ."

ಬಕೆಟು ತುಂಬಿಸಿಕೊಂಡು ಮತ್ತೆ ಮೇಲೆ ಹತ್ತಿದೆ.